ರಾಯಚೂರಿನ ಬೇಸಿಗೆಯಲ್ಲೂ ಸುಮ್ನೆ ತಿರುಗದ ಎಕ್ಸಾಸ್ಟ್ ಫ್ಯಾನ್: ನನ್ನ ಅನುಭವ

ಒಲೆ ಬಿಸಿಯಾದರೆ ಫ್ಯಾನ್ ತಾನೇ ಶುರುವಾಗಬೇಕು, ಅಷ್ಟೇ ನನಗೆ ಬೇಕಿದ್ದದ್ದು. ಗೆಳೆಯನೊಬ್ಬ ಮೊದಲೇ ಹೇಳಿದ್ದ: "ಚಳಿಗಾಲದಾಗ ನಡೀತದ, ಬೇಸಿಗ್ಯಾಗ ನಿಂದು ನಡಿಯಂಗಿಲ್ಲ ನೋಡು." ಈಗ ಎರಡು ಬೇಸಿಗೆ ದಾಟಿದೆ. ನಡೀತಾ ಇದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದೆ. ಬಿಸಿ ನೋಡಿ ಸ್ವಿಚ್ ಹಾಕುವ, ನೂರೈವತ್ತು ರೂಪಾಯಿಯ ಡಬ್ಲ್ಯೂ 1209 ಬೋರ್ಡ್ ತಂದು 38 ಡಿಗ್ರಿಗೆ ಸೆಟ್ ಮಾಡಿದೆ. ಜನವರಿಯಲ್ಲಿ ಚೆನ್ನಾಗಿತ್ತು. ಮಾರ್ಚ್ ಕೊನೆಗೆ ಅಡುಗೆಮನೆಯೇ 38 ದಾಟಿತು. ಒಲೆ ಹಚ್ಚದಿದ್ದರೂ ಮಧ್ಯಾಹ್ನವಿಡೀ ಫ್ಯಾನ್ ತಿರುಗತೊಡಗಿತು. 46ಕ್ಕೆ ಏರಿಸಿದೆ. ಬೇಸಿಗೆಗೆ ಸರಿಹೋಯಿತು, ಆದರೆ ಡಿಸೆಂಬರ್ ಬೆಳಿಗ್ಗೆ ಒಗ್ಗರಣೆ ಘಾಟು ಮನೆಯೆಲ್ಲ ತುಂಬಿದ ಮೇಲೆ ಫ್ಯಾನ್ ಎದ್ದಿತು. ನಡುವೆ ತೇವಾಂಶದ ಸೆನ್ಸರ್ ಕೂಡ ಹಾಕಿ ನೋಡಿದೆ. ಮಳೆ ಬಂದ ದಿನ ಅದು ಒಲೆಯನ್ನೂ ಮಳೆಯನ್ನೂ ಒಂದೇ ಅಂದುಕೊಂಡಿತು. ಅಲ್ಲಿಗೆ ಸುಮಾರು ಒಂಬೈನೂರು ರೂಪಾಯಿ ಹೋಗಿತ್ತು. ಮನೆಯವರು ಕೇಳಿದ್ದು ಒಂದೇ ಮಾತು: "ಸ್ವಿಚ್ ಒತ್ತಾಕ ಏನ್ ಕಷ್ಟ ಅಂತ ಇಷ್ಟ್ ರೊಕ್ಕ ಹಾಕ್ತೀರಿ?"

ಒಲೆ ಎಷ್ಟು ಬಿಸಿ ಅಂತ ಕೇಳುವುದೇ ತಪ್ಪು. ಉಳಿದ ಅಡುಗೆಮನೆಗಿಂತ ಎಷ್ಟು ಜಾಸ್ತಿ ಬಿಸಿ ಅಂತ ಕೇಳಬೇಕು. ಹಾಗಾಗಿ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವ ಎರಡು 10ಕೆ ಎನ್‌ಟಿಸಿ ಥರ್ಮಿಸ್ಟರ್ ತಂದು 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಒಂದರ ಕೆಳಗೊಂದು ಜೋಡಿಸಿದೆ. 5 ವೋಲ್ಟ್ ಕಡೆಯದು ಒಲೆ ಹತ್ತಿರ, ಗ್ರೌಂಡ್ ಕಡೆಯದು ದೂರ. ಎರಡೂ ಒಂದೇ ಬಿಸಿಯಲ್ಲಿದ್ದರೆ ನಡುವಿನ ತುದಿ 5 ವೋಲ್ಟಿನ ಅರ್ಧಕ್ಕೇ ನಿಲ್ಲುತ್ತದೆ, ಹೊರಗೆ 18 ಇರಲಿ 43 ಇರಲಿ. ಒಲೆ ಕಡೆ ಒಂದು ಡಿಗ್ರಿ ಏರಿದರೆ ಸುಮಾರು 50 ಮಿಲಿವೋಲ್ಟ್ ಮೇಲೇಳುತ್ತದೆ. ಅದನ್ನು ಎರಡು ವೋಲ್ಟೇಜ್ ಹೋಲಿಸಿ ನೋಡುವ ಎಲ್‌ಎಂ 358 ಚಿಪ್ಪಿನ ಪ್ಲಸ್ ಕಾಲಿಗೆ, ತಿರುಗಿಸಿ ಹೊಂದಿಸುವ ಪ್ರಿಸೆಟ್ ಅನ್ನು ಮೈನಸ್ ಕಾಲಿಗೆ ಕೊಟ್ಟೆ. ಆಮೇಲೆ ಟ್ರಾನ್ಸಿಸ್ಟರ್, ಫ್ಯಾನಿನ ಸ್ವಿಚ್ ಆಗಿ ರಿಲೇ. ಈ ಬೋರ್ಡಿಗೆ ಇನ್ನೂರೈವತ್ತು ದಾಟಿಲ್ಲ.

ಮೊದಲ ದಿನ ರಿಲೇ ಟಕಟಕ ಅಂತ ಬಡಿದುಕೊಂಡಿತು. ಔಟ್‌ಪುಟ್‌ನಿಂದ ಪ್ಲಸ್ ಕಾಲಿಗೆ 680ಕೆ ರೆಸಿಸ್ಟರ್, ಥರ್ಮಿಸ್ಟರ್ ಕಡೆಯಿಂದ ಅದೇ ಕಾಲಿಗೆ 22ಕೆ ಹಾಕಿದ ಮೇಲೆ ನಿಂತಿತು. ಈಗ ಆರು ಡಿಗ್ರಿ ವ್ಯತ್ಯಾಸಕ್ಕೆ ಶುರು, ಮೂರಕ್ಕೆ ಬಂದ್.

ಆದರೂ ಏಪ್ರಿಲ್‌ನಲ್ಲಿ ಸಂಜೆ ನಾಲ್ಕಕ್ಕೆ ಯಾರೂ ಇಲ್ಲದಾಗ ಫ್ಯಾನ್ ಎದ್ದು ಕೂರುತ್ತಿತ್ತು. ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಬೋರ್ಡ್ ಬಿಚ್ಚಿ ಎಲ್ಲ ಟಾಂಕೆಯನ್ನೂ ಮತ್ತೆ ಹಾಕಿದೆ. ಕೊನೆಗೆ ಒಲೆ ಹಿಂದಿನ ಗೋಡೆಗೆ ಅಂಗೈ ಇಟ್ಟು ನೋಡಿದೆ. ಕಾದ ಹಂಚಿನ ಹತ್ತಿರ ಕೈ ಇಟ್ಟ ಹಾಗಿತ್ತು! ಅದು ಪಶ್ಚಿಮದ ಗೋಡೆ. ಥರ್ಮಿಸ್ಟರ್ ಅದಕ್ಕೇ ಅಂಟಿಕೊಂಡಿತ್ತು. ಅದು ಒಲೆಯನ್ನಲ್ಲ, ಸೂರ್ಯನನ್ನು ಅಳೆಯುತ್ತಿತ್ತು. ಬಿದಿರಿನ ಕಡ್ಡಿ ಕಟ್ಟಿ ಗೋಡೆಯಿಂದ ಎರಡು ಇಂಚು ಹೊರಗೆ ತಂದೆ, ಒಲೆಯಿಂದ ಎರಡೂವರೆ ಅಡಿ ಮೇಲೆ, ಫ್ಯಾನ್ ಕಡೆಗೆ ಹೊಗೆ ಹೋಗುವ ದಾರಿಯಲ್ಲಿ. ಮರುದಿನದಿಂದ ಆ ಕಾಟ ಇಲ್ಲ. ಇಲ್ಲಿ ಗಾಜಿನ ಮಣಿಯ ಥರ್ಮಿಸ್ಟರ್, ಟೆಫ್ಲಾನ್ ವೈರ್ ಹಾಕಿ. ಮಾಮೂಲಿ ವೈರ್ ಮೆತ್ತಗಾಗುತ್ತದೆ. ಎಣ್ಣೆ ಜಿಡ್ಡು ಕೂತರೆ ಫ್ಯಾನ್ ತಡವಾಗಿ ಏಳುತ್ತದೆ, ತಿಂಗಳಿಗೊಮ್ಮೆ ಒರೆಸಿ. ಜಿಡ್ಡು ಹಿಡಿಯದಂತೆ ನಾನು ಮಣಿಗೆ ಹಚ್ಚುವುದು ಬೇರೆ ಇದೆ, ಅದು ನನ್ನ ಹತ್ತಿರವೇ ಇರಲಿ.

ಎರಡನೆಯ ಥರ್ಮಿಸ್ಟರ್ ಮೊದಲು ಫ್ರಿಜ್ ಪಕ್ಕ ಇತ್ತು. ಫ್ರಿಜ್ ಬಿಸಿಗೆ ಅದೂ ಬಿಸಿಯಾಗಿ ಫ್ಯಾನ್ ಏಳಲೇ ಇಲ್ಲ. ಬಾಗಿಲ ಹತ್ತಿರ, ಸೊಂಟದ ಎತ್ತರಕ್ಕೆ ಒಯ್ದೆ. ಅಲ್ಲಿ ಇನ್ನೊಂದು ತೊಂದರೆ. ಜೋಳದ ರೊಟ್ಟಿ ಬಡಿಯುತ್ತ ಮುಕ್ಕಾಲು ಗಂಟೆ ಹಂಚು ಕಾದರೆ ಇಡೀ ಕೋಣೆ ಬಿಸಿಯಾಗಿ, ರೊಟ್ಟಿ ಮುಗಿಯುವ ಮೊದಲೇ ಫ್ಯಾನ್ ನಿಲ್ಲುತ್ತಿತ್ತು. ಆ ಥರ್ಮಿಸ್ಟರನ್ನು ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡಿನೊಳಗೆ ಕೂರಿಸಿ, ಸಣ್ಣ ತೂತುಗಳ ಡಬ್ಬಿಯಲ್ಲಿಟ್ಟೆ. ಈಗ ಅದು ನಿಧಾನವಾಗಿ ಬಿಸಿಯಾಗುತ್ತದೆ, ಕೋಣೆ ಮೊದಲು ಎಷ್ಟು ಬಿಸಿ ಇತ್ತು ಅನ್ನುವುದನ್ನು ಒಂದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಬಿಸಿಲೇರುವುದು ಅದಕ್ಕಿಂತಲೂ ನಿಧಾನ, ಹಾಗಾಗಿ ಬೇಸಿಗೆಯಲ್ಲಿ ಮೋಸ ಹೋಗುವುದಿಲ್ಲ. ತುಂಡು ಎಷ್ಟು ದೊಡ್ಡದು ಬೇಕು ಅಂತ ನಿಮ್ಮ ಅಡುಗೆಮನೆಯಲ್ಲೇ ನೋಡಿಕೊಳ್ಳಬೇಕು.

ಒಲೆ ಕಡೆಯ ವೈರ್ ಕಿತ್ತರೆ ಫ್ಯಾನ್ ಏಳುವುದಿಲ್ಲ, ದೂರದ್ದು ಕಿತ್ತರೆ ನಿಲ್ಲುವುದೇ ಇಲ್ಲ. ಯಾವುದು ಕಿತ್ತಿದೆ ಅಂತ ಇದರಿಂದಲೇ ಗೊತ್ತಾಗುತ್ತದೆ. ರಿಲೇ ಡಬ್ಬಿ ಮಾತ್ರ ಮೇಲೆ, ಸಿಲಿಂಡರ್‌ನಿಂದ ದೂರ ಇರಲಿ. ಗ್ಯಾಸ್ ಸೋರಿದರೆ ಕೆಳಗೇ ಕೂರುತ್ತದೆ, ರಿಲೇಯಲ್ಲಿ ಕಿಡಿ ಬರುತ್ತದೆ. ಹಳೇ ಸ್ವಿಚ್ ಕೂಡ ಹಾಗೇ ಬಿಟ್ಟಿದ್ದೇನೆ. ಆಚೆ ಕಟ್ಟೆಯ ಮೇಲಿನ ರೈಸ್ ಕುಕ್ಕರ್ ಹಬೆ ಈ ಮಣಿಯವರೆಗೆ ಬರುವುದಿಲ್ಲ, ಆಗ ಅದನ್ನೇ ಒತ್ತಬೇಕು.

ಹೋದ ಮೇ ತಿಂಗಳ ಒಂದು ಮಧ್ಯಾಹ್ನ ಅಡುಗೆಮನೆ 41 ತೋರಿಸುತ್ತಿತ್ತು, ಫ್ಯಾನ್ ಸುಮ್ಮನಿತ್ತು. ಆ ಗೆಳೆಯನನ್ನು ಕರೆದು ಒಲೆ ಹಚ್ಚಿ ಹಂಚಿಟ್ಟೆ. ಎರಡು ನಿಮಿಷದೊಳಗೆ ಫ್ಯಾನ್ ಎದ್ದಿತು. ತನ್ನ ಮನೆಗೂ ಒಂದು ಮಾಡಿಕೊಡು ಅಂದ.