ಮೂರು ಸಪೋರ್ಟಿನ ಬೀಮ್: ಎದ್ದು ನಿಂತ ತುದಿ

ಮೂರನೇ ಸಪೋರ್ಟಿಗೆ ಬೋಲ್ಟ್ ಬೇಕು ಅಂದಾಗ ಜೊತೆಯವರು ನಕ್ಕಿದ್ದರು. ಮೇಲೆ ಭಾರ ಕೂತಿರುವಾಗ ಬೀಮಿನ ತುದಿ ಯಾಕೆ ಏಳುತ್ತದೆ ಅನ್ನೋದು ಅವರ ವಾದ. ಲೋಡ್ ಹಾಕಿ ತೋರಿಸಿದ ಮೇಲೆ ಯಾರೂ ಮಾತಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

300 ಮಿ.ಮೀ. ಎತ್ತರದ ಉಕ್ಕಿನ ಐ ಬೀಮ್. A, B, C ಮೂರೂ ಕಡೆ ಸುಮ್ನೆ ಕೂರಿಸಿದ್ದು. AB 6 ಮೀಟರ್, ಅದರ ಮೇಲೆ ಸ್ವಂತ ತೂಕವೂ ಸೇರಿ ಮೀಟರಿಗೆ 20 ಕಿಲೋನ್ಯೂಟನ್ ಸಮ ಹಂಚಿಕೆ. ಉಳಿದದ್ದೆಲ್ಲಾ ಮೂಟೆಗಳ ಭಾರ. BC 4 ಮೀಟರ್, ಅಲ್ಲಿ B ಇಂದ 1 ಮೀಟರ್ ದೂರದಲ್ಲಿ 60 ಕಿಲೋನ್ಯೂಟನ್ ಮೆಷಿನ್. ಒಂದೊಂದು ಸ್ಪ್ಯಾನನ್ನೂ ಬೇರೆ ಬೇರೆ ಲೆಕ್ಕ ಹಾಕಿದವರಿಗೆ C ರಿಯಾಕ್ಷನ್, ಅಂದರೆ C ಬೀಮನ್ನು ಮೇಲಕ್ಕೆ ತಳ್ಳುವ ಬಲ, 15 ಕಿಲೋನ್ಯೂಟನ್ ಬಂದಿತ್ತು. ಬೋಲ್ಟ್ ಬೇಡ ಅನ್ನೋಕೆ ಅದೇ ಅವರ ಆಧಾರ.

ನಾನು ಹಾಕಿದ್ದು ಇಷ್ಟೇ, ಮೂರು ಸಪೋರ್ಟಿನ ಮೊಮೆಂಟುಗಳನ್ನು ಜೋಡಿಸುವ ಸಮೀಕರಣ. M ಅಂದರೆ ಆ ಸಪೋರ್ಟಿನಲ್ಲಿ ಬೀಮನ್ನು ಬಾಗಿಸುವ ಮೊಮೆಂಟ್, L1 ಮತ್ತು L2 ಎರಡು ಸ್ಪ್ಯಾನಿನ ಉದ್ದ, a ಆ ಸ್ಪ್ಯಾನನ್ನು ಒಂಟಿಯಾಗಿ ತಗೊಂಡಾಗಿನ ಮೊಮೆಂಟ್ ಚಿತ್ರದ ವಿಸ್ತೀರ್ಣ, x ಹೊರತುದಿಯಿಂದ ಆ ಚಿತ್ರದ ಕೇಂದ್ರದ ದೂರ:

```
M_A·L1 + 2·M_B·(L1+L2) + M_C·L2 = −6·a1·x1/L1 − 6·a2·x2/L2
```

M_A, M_C ಎರಡೂ ಸೊನ್ನೆ. ಎಡ ಸ್ಪ್ಯಾನಿನ ಪದ wL³/4, w ಮೀಟರಿಗೆ ಇರುವ ಆ 20, ಅಂದರೆ 1080. ಬಲ ಸ್ಪ್ಯಾನಿನಲ್ಲಿ x2 ಅನ್ನು C ಕಡೆಯಿಂದ ಅಳೆಯಬೇಕು. ಆಗ 315 ಬರುತ್ತದೆ. B ಕಡೆಯಿಂದ ಅಳೆದರೆ 225 ಬರುತ್ತದೆ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. 20·M_B = −1395, ಹಾಗಾಗಿ M_B −69.75 ಕಿಲೋನ್ಯೂಟನ್ ಮೀಟರ್. ಈ 69.75 ಅನ್ನು 4 ಮೀಟರಿಂದ ಭಾಗಿಸಿದರೆ 17.4. C ಇಂದ ಅಷ್ಟು ಕಳೆಯಬೇಕು. ಇದ್ದದ್ದು 15, ಉಳಿದದ್ದು −2.4, ಅಂದರೆ ತುದಿ ಮೇಲೇಳುತ್ತದೆ. BC ಯ ಸ್ವಂತ ತೂಕ ಸೇರಿಸಿದರೂ −1.7ರ ಹತ್ತಿರ. ಅದೇ ಹೊತ್ತಿಗೆ B ರಿಯಾಕ್ಷನ್ 105 ಅಲ್ಲ, 134. ಅಲ್ಲಿನ ಪೀಠ ಕೂಡ ಕಡಿಮೆ ಲೆಕ್ಕದಲ್ಲೇ ಕಟ್ಟುವುದರಲ್ಲಿತ್ತು.

'ಒಂದು ಸೈಜ್ ದೊಡ್ಡ ಬೀಮ್ ಹಾಕಿಬಿಡಿ' ಅಂದರು. ಬೀಮ್ ಉದ್ದಕ್ಕೂ ಒಂದೇ ಸೆಕ್ಷನ್ ಇದ್ದರೆ, ಸಪೋರ್ಟ್ ಕುಸಿಯದಿದ್ದರೆ, ಬೀಮಿನ ಬಾಗದ ಬಿಗಿತ EI ಸಮೀಕರಣದಿಂದಲೇ ಹೊರಟುಹೋಗುತ್ತದೆ. ಎಷ್ಟು ದಪ್ಪ ಬೀಮ್ ಹಾಕಿದರೂ ತುದಿ ಏಳೋದು ಏಳುತ್ತದೆ. ಹತ್ತು ಮೀಟರಿಗೆ ಸುಮಾರು 80 ಕಿಲೋ ಉಕ್ಕಿನ ದುಡ್ಡು ದಂಡ ಅಷ್ಟೇ. ಪ್ಲೇಟ್, ಬೋಲ್ಟ್ ಎಲ್ಲಾ ಸೇರಿ ಹತ್ತು ಕಿಲೋ ದಾಟಲ್ಲ.

ಅದಕ್ಕಿಂತ ಕಡಿಮೆ ಖರ್ಚಿನ ದಾರಿಯನ್ನೂ ನೋಡಿದೆ. B 5 ಮಿ.ಮೀ. ತಗ್ಗಿದರೆ ಏನಾಗುತ್ತದೆ ಅಂತ, ಆ ತಗ್ಗನ್ನು δ ಅಂತ ಕರೆದು, ಸಮೀಕರಣದ ಬಲಗಡೆಗೆ 6EI·δ(1/L1+1/L2) ಸೇರಿಸಿದೆ. EI ಸುಮಾರು 17,000 ತಗೊಂಡರೆ ಇದು 212 ಆಗುತ್ತದೆ. M_B 59ಕ್ಕೆ ಇಳಿಯಿತು, C ರಿಯಾಕ್ಷನ್ ಸೊನ್ನೆಗಿಂತ ಚೂರು ಮೇಲೆ ಬಂತು. B ತಗ್ಗಿಸುವ ಬದಲು C ಕೆಳಗೆ 8 ಮಿ.ಮೀ. ಪ್ಯಾಕಿಂಗ್ ಪ್ಲೇಟ್ ಇಟ್ಟರೂ ಅದೇ ಫಲ. ಆ ಪ್ಲೇಟನ್ನು ಎಷ್ಟು ಬಿಗಿಯಾಗಿ ಕೂರಿಸಬೇಕು ಅನ್ನೋದನ್ನ ಹೇಗೆ ಕಂಡುಕೊಳ್ಳುತ್ತೇನೆ ಅಂತ ಇಲ್ಲಿ ಹೇಳಲ್ಲ, ಅದು ನನ್ನ ಕೈಚಳಕ.

ಆದರೆ ಪ್ಯಾಕಿಂಗ್ ಉಳಿಯಲಿಲ್ಲ. ಕಾರಣ ಮೆಷಿನ್. ಅದನ್ನು ರಿಪೇರಿಗೆ ಎತ್ತಿದ ದಿನ ಬಲ ಸ್ಪ್ಯಾನಿನ 315 ಮಾಯ. ಆಗ M_B −54ಕ್ಕೆ ಇಳಿಯುತ್ತದೆ, ಇನ್ನೇನು ಒಳ್ಳೆಯದಾಯಿತು ಅನ್ನಿಸುತ್ತದೆ. ಆದರೆ C ಯನ್ನು ಒತ್ತಿ ಹಿಡಿದಿದ್ದ 15 ಕೂಡ ಹೋಯಿತಲ್ವಾ? ಮೇಲೆಳೆತ 13.5! ಪ್ಯಾಕಿಂಗ್ ಇದ್ದರೂ 11ರ ಹತ್ತಿರ. ಎಲ್ಲಾ ಲೋಡ್ ಇದ್ದಾಗ ಮಾತ್ರ ಲೆಕ್ಕ ಹಾಕಿ ಪೆನ್ ಮುಚ್ಚುವವರಿಗೆ ಈ ಸಂಖ್ಯೆ ಕಾಣೋದೇ ಇಲ್ಲ.

ಬೋಲ್ಟ್ ಇಲ್ಲದಿದ್ದರೆ ಸಮೀಕರಣದ ಉತ್ತರವೂ ಸುಳ್ಳೇ. C ಕೆಳಕ್ಕೂ ಎಳೆದು ಹಿಡಿಯುತ್ತದೆ ಅಂತ ಅದು ನಂಬಿಕೊಂಡಿದೆ. ರಿಯಾಕ್ಷನ್ ಮೈನಸ್ ಬಂದು, ಹಿಡಿಯೋಕೆ ಏನೂ ಇಲ್ಲ ಅಂದರೆ, C ಯನ್ನು ತೆಗೆದುಹಾಕಿ ಚಾಚಿದ ಬೀಮ್ ಅಂತಲೇ ಲೆಕ್ಕ ಹಾಕಬೇಕು. ಆಗ ಮೆಷಿನ್ ಇರುವಾಗ M_B 60 ಮಾತ್ರ. ಆದರೆ AB ನಡುವಿನ ಮೊಮೆಂಟ್ 58ರಿಂದ 62ರ ಆಚೀಚೆಗೆ ಏರುತ್ತದೆ. B ನಲ್ಲಿ ಕಡಿಮೆಯಾಯಿತು ಅಂತ ಖುಷಿಪಟ್ಟರೆ ನಡುವಿನಲ್ಲಿ ಏರಿರುತ್ತದೆ.

ಪರೀಕ್ಷೆಗೆ ಮೆಷಿನ್ ಇಡದೆ, C ಯನ್ನು ಬಿಗಿಯದೆ, AB ಮೇಲೆ ಅರ್ಧದಷ್ಟು ಮೂಟೆ ಮಾತ್ರ ಹೇರಿಸಿದೆ. B ಹತ್ತಿರದ ಇಳಿಜಾರು ಸುಮಾರು wL³/24EI. ಅದನ್ನು 4 ಮೀಟರಿಂದ ಗುಣಿಸಿದರೆ C ಎರಡು ಸೆಂ.ಮೀ. ಹತ್ತಿರ ಏಳಬೇಕಿತ್ತು. ಎದ್ದಿತು. ನಕ್ಕವರೇ ಕೆಳಗೆ ಬೆರಳು ತೂರಿಸಿ ನೋಡಿದರು. ಪೂರ್ತಿ ಲೋಡಿಗೆ ನಾಲ್ಕು ಆಗುತ್ತಿತ್ತು.

ಕೊನೆಗೆ ಎರಡು 16 ಮಿ.ಮೀ. ಬೋಲ್ಟ್ ಹಾಕಿದೆ. ಬೋಲ್ಟಿಗೆ ಈ ಎಳೆತ ಏನೂ ಅಲ್ಲ, ಕಷ್ಟ ಇದ್ದದ್ದು ಕೆಳಗಿನ ಪೀಠಕ್ಕೆ. 13.5 ಅಂದರೆ ಸುಮಾರು 1.4 ಟನ್ ಎಳೆತ. ಪೀಠ ಅದಕ್ಕಿಂತ ಹಗುರವಾಗಿದ್ದರೆ ಬೀಮ್ ಜೊತೆ ಪೀಠವೂ ಏಳುತ್ತದೆ. ಹಾಗಾಗಿ C ಕೆಳಗೆ ಒಂದು ಘನ ಮೀಟರ್ ಹತ್ತಿರ ಕಾಂಕ್ರೀಟ್ ಸುರಿಸಿದೆ, ಸುಮಾರು 2.4 ಟನ್. ಬೋಲ್ಟ್ ಅದರ ತಳದವರೆಗೂ ಇಳಿದಿದೆ.