ಫ್ಲೋಟ್ ಸರ್ವ್ ಗಾಳಿಯಲ್ಲಿ ಅಲುಗಾಡಬೇಕಾದರೆ ಚೆಂಡು ತಿರುಗಬಾರದು

ವಾಲಿಬಾಲ್‌ನಲ್ಲಿ ಅಂಡರ್‌ಹ್ಯಾಂಡ್ ಸರ್ವ್ ಚೆಂಡನ್ನು ನೆಟ್ ದಾಟಿಸುತ್ತದೆ, ಹೊಸಬರಿಗೆ ಅಷ್ಟು ಸಾಕು. ಜಂಪ್ ಸರ್ವ್‌ನಲ್ಲಿ ಚೆಂಡು ಮುಂದಕ್ಕೆ ಜೋರಾಗಿ ತಿರುಗುತ್ತದೆ, ಹಾಗಾಗಿ ಬೇಗ ಕೆಳಗಿಳಿಯುತ್ತದೆ. ವೇಗ ಜಾಸ್ತಿ ನಿಜ, ಆದರೆ ಎಲ್ಲಿ ಬೀಳುತ್ತದೆ ಅಂತ ಊಹಿಸಬಹುದು. ಫ್ಲೋಟ್‌ನಲ್ಲಿ ಹಾಗೆ ಊಹಿಸುವುದೇ ಕಷ್ಟ.

ಕಾರಣ ಚೆಂಡಿನ ಹಿಂದಿನ ಗಾಳಿ. ಚೆಂಡಿನ ಮೈಗೆ ತಾಗಿ ಹರಿಯುವ ಗಾಳಿ ಎರಡೂ ಪಕ್ಕದಲ್ಲಿ ಒಂದೇ ಜಾಗದಲ್ಲಿ ಬಿಟ್ಟುಕೊಳ್ಳುವುದಿಲ್ಲ. ಹೊಲಿಗೆಯಂಥ ಗೆರೆಗಳು ಯಾವ ಕಡೆ ಇವೆ ಅನ್ನೋದರ ಮೇಲೂ ಅದು ಬದಲಾಗುತ್ತದೆ. ಹೀಗಾಗಿ ಚೆಂಡಿಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಳ್ಳು ಬೀಳುತ್ತದೆ. ಚೆಂಡು ತಿರುಗುತ್ತಿದ್ದರೆ ಆ ತಿರುಗುವಿಕೆಯೇ ದಾರಿ ನಿರ್ಧರಿಸುತ್ತದೆ, ಅಲುಗಾಟ ಹೋಗುತ್ತದೆ.

ಹೊಡೆಯುವಾಗ ಚೆಂಡನ್ನು ತುಂಬಾ ಎತ್ತರ ಎಸೆಯಬೇಡಿ. ತಲೆಗಿಂತ ಸ್ವಲ್ಪ ಮೇಲೆ, ಹೊಡೆಯುವ ಭುಜದ ಮುಂದೆ, ತಿರುಗದ ಹಾಗೆ ಬಿಡಿ. ಮಣಿಕಟ್ಟು ಗಟ್ಟಿಯಾಗಿರಲಿ. ಅಂಗೈಯ ಬುಡದಿಂದ ಚೆಂಡಿನ ನಟ್ಟನಡುವೆ ಹೊಡೆದು, ಕೈಯನ್ನು ಅಲ್ಲೇ ತಡೆಯಿರಿ.

ಸರಿಯಾಯಿತಾ ಅಂತ ತಿಳಿಯಲು ಗಾಳಿ ತುಂಬುವ ತೂತನ್ನು ನಿಮ್ಮ ಕಡೆ ಇಟ್ಟು ಸರ್ವ್ ಮಾಡಿ. ನೆಟ್ ದಾಟುವಾಗಲೂ ತೂತು ಅಲ್ಲೇ ಇದ್ದರೆ ಸರಿ. ಮೇಲಕ್ಕೆ ಹೋಗಿ ಮರೆಯಾದರೆ ಮಣಿಕಟ್ಟು ಮಡಚಿದೆ. ಪಕ್ಕಕ್ಕೆ ಜಾರಿದರೆ ಏಟು ನಡುವಿಗೆ ಬಿದ್ದಿಲ್ಲ. ಆಗ ಎಸೆತ ಸರಿಮಾಡಿ, ಬಲ ಹೆಚ್ಚಿಸಬೇಡಿ. ಹೆಚ್ಚಿನ ಸಲ ತಪ್ಪು ಎಸೆತದ್ದೇ.