ಇಬ್ಬರು ಸೇರಿ ಮಾತಾಡುವಾಗ ಪರಿಚಯ ಹೇಗೆ ಮಾಡುತ್ತೇನೆ

ನಿರೂಪಣೆ ಮಾಡುವವರಿಗೆ ಒಬ್ಬರನ್ನು ಪರಿಚಯಿಸುವುದು ಸುಲಭ. ಇಬ್ಬರು ಸೇರಿ ಒಂದೇ ವಿಷಯ ಮಂಡಿಸುವಾಗ ಕಷ್ಟ ಶುರುವಾಗುತ್ತದೆ. ನಮ್ಮ ಕೈಗೆ ಬರುವ ಪರಿಚಯಗಳೇ ಸಮ ಇರುವುದಿಲ್ಲ. ಒಬ್ಬರದು ಇಡೀ ಪುಟ, ಇನ್ನೊಬ್ಬರದು ಮೂರು ಸಾಲು. ಇದ್ದ ಹಾಗೇ ಓದಿದರೆ ಎರಡನೆಯವರು ಸಹಾಯಕ್ಕೆ ಬಂದವರಂತೆ ಕೇಳಿಸುತ್ತಾರೆ. ಆಮೇಲೆ ಅವರು ಎಷ್ಟೇ ಚೆನ್ನಾಗಿ ಮಾತಾಡಿದರೂ ಸಭಿಕರ ಪ್ರಶ್ನೆಗಳೆಲ್ಲ ಮೊದಲನೆಯವರ ಕಡೆಗೇ ಹೋಗುತ್ತವೆ.

ಒಂದು ಕಾರ್ಯಕ್ರಮದಲ್ಲಿ ನನಗೆ ಸಿಕ್ಕಿದ್ದು ಒಬ್ಬ ಹಿರಿಯ ವೈದ್ಯರು ಮತ್ತು ಒಬ್ಬ ನರ್ಸ್. ವಿಷಯ, ವಾರ್ಡಿನಲ್ಲಿ ರೋಗಿಗೆ ತಪ್ಪು ಔಷಧ ಹೋಗುವುದನ್ನು ತಡೆಯುವುದು. ವೈದ್ಯರ ಪರಿಚಯದಲ್ಲಿ ಪದವಿ, ಹುದ್ದೆ, ಪ್ರಶಸ್ತಿ ಎಲ್ಲ ಇತ್ತು. ನರ್ಸ್ ಕಳಿಸಿದ್ದರಲ್ಲಿ ಹೆಸರು ಮತ್ತು ಕೆಲಸ ಮಾಡುವ ವಾರ್ಡು, ಅಷ್ಟೇ.

ಎರಡನ್ನೂ ಬದಿಗಿಟ್ಟು ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದೆ. ಕೇಳಿದ್ದು ಒಂದೇ ಪ್ರಶ್ನೆ: 'ಈ ವಿಷಯದಲ್ಲಿ ನಿಮ್ಮ ಜೊತೆಗಾರರು ಹೇಳಲಾಗದ, ನೀವೇ ಹೇಳಬೇಕಾದ ಮಾತು ಯಾವುದು?' ವೈದ್ಯರು ಹೇಳಿದರು, ಚೀಟಿ ಬರೆಯುವಾಗ ಎಲ್ಲಿ ಎಡವುತ್ತೇವೆ ಎಂಬುದು. ಒಂದೇ ಥರ ಕೇಳಿಸುವ ಔಷಧಗಳ ಹೆಸರು, ಪ್ರಮಾಣದಲ್ಲಿ ತಪ್ಪಿಬಿಡುವ ಒಂದು ಚುಕ್ಕೆ. ನರ್ಸ್ ಹೇಳಿದರು, ಔಷಧ ರೋಗಿಯ ಮೈ ಸೇರುವ ಮುಂಚೆ ಅದನ್ನು ಕೊನೆಯದಾಗಿ ನೋಡುವವರು ನಾವು, ಅನುಮಾನ ಬಂದಾಗ ಅಲ್ಲಿ ಹೇಗೆ ನಿಲ್ಲಿಸುತ್ತೇವೆ ಎಂಬುದು. ಇಬ್ಬರ ಗುರುತೂ ಈ ಉತ್ತರದಲ್ಲೇ ಸಿಕ್ಕಿತು. ಪ್ರಶಸ್ತಿ ಪಟ್ಟಿ ಹುಡುಕಿದ್ದರೆ ಇದು ಸಿಗುತ್ತಿರಲಿಲ್ಲ, ಅಲ್ವಾ?

ಪರಿಚಯವನ್ನು ನಾನು ವ್ಯಕ್ತಿಯಿಂದ ಶುರು ಮಾಡುವುದಿಲ್ಲ, ಇಬ್ಬರಿಗೂ ಸೇರಿದ ಸಮಸ್ಯೆಯಿಂದ ಶುರು ಮಾಡುತ್ತೇನೆ. ಅಂದು ಹೇಳಿದ್ದು ಹೆಚ್ಚುಕಮ್ಮಿ ಹೀಗಿತ್ತು:

'ಔಷಧದ ಚೀಟಿ ಬರೆಯುವ ಕೈ ಒಂದು, ರೋಗಿಗೆ ಔಷಧ ಕೊಡುವ ಕೈ ಇನ್ನೊಂದು. ಇವೆರಡರ ನಡುವೆ ನುಸುಳುವ ತಪ್ಪಿನ ಬಗ್ಗೆ ಇವತ್ತಿನ ಮಾತು. ಒಬ್ಬರು ಹಾಸಿಗೆಯ ಪಕ್ಕ ನಿಂತು, ಔಷಧ ಕೊಡುವ ಮುಂಚಿನ ಕೊನೆಯ ಪರೀಕ್ಷೆ ಮಾಡುವ ನರ್ಸ್. ತಮ್ಮ ವಾರ್ಡಿನಲ್ಲಿ ಇಬ್ಬರು ನೋಡಿ ಖಚಿತ ಮಾಡಿಕೊಳ್ಳುವ ಪದ್ಧತಿ ತಂದವರು. ಇನ್ನೊಬ್ಬರು ಚೀಟಿ ಬರೆಯುವ ವೈದ್ಯರು. ತಪ್ಪಿಗೆ ದಾರಿ ಮಾಡುವ ಬರಹಗಳನ್ನು ಗುರುತಿಸಿ, ಚೀಟಿಯ ನಮೂನೆಯನ್ನೇ ಬದಲಿಸಿದವರು.'

ಆಮೇಲೆ ಒಂದೇ ಉಸಿರಿನಲ್ಲಿ ಇಬ್ಬರ ಪೂರ್ತಿ ಹೆಸರು, ಇಬ್ಬರಿಗೂ ಒಟ್ಟಿಗೆ ಸ್ವಾಗತ. ಹೆಸರನ್ನು ಕೊನೆಗೆ ಇಡುವುದಕ್ಕೆ ಕಾರಣ ಇದೆ. ಮೊದಲ ಹೆಸರು ಹೇಳಿ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ. ಎರಡನೆಯ ಹೆಸರು ಆ ಸದ್ದಿನಲ್ಲಿ ಮುಳುಗುತ್ತದೆ, ಇಲ್ಲವೇ ಸುಸ್ತಾದ ಚಪ್ಪಾಳೆ ಪಡೆಯುತ್ತದೆ.

ಬರೆದದ್ದನ್ನು ಒಂದು ಸಲ ಅದಲುಬದಲು ಮಾಡಿ ಓದುತ್ತೇನೆ. ಎರಡನೆಯವರ ಸಾಲುಗಳನ್ನು ಮೊದಲು ಓದಿದಾಗ ಅರ್ಥ ಕೆಟ್ಟರೆ, ಅವರು ಮೊದಲನೆಯವರ ಮೇಲೆ ಒರಗಿ ನಿಂತಿದ್ದಾರೆ ಎಂದು ಲೆಕ್ಕ. 'ಇವರಿಗೆ ನೆರವಾದವರು', 'ಇವರ ತಂಡದಲ್ಲಿರುವವರು' ಎಂಬ ಸಾಲುಗಳು ಇಲ್ಲಿ ತಕ್ಷಣ ಸಿಕ್ಕಿಬೀಳುತ್ತವೆ. ಕ್ರಿಯಾಪದಗಳನ್ನೂ ನೋಡುತ್ತೇನೆ. ಒಬ್ಬರು 'ಬದಲಿಸಿದರು', ಇನ್ನೊಬ್ಬರು 'ಭಾಗವಹಿಸಿದರು' ಎಂದರೆ ತೂಕ ಆಗಲೇ ವಾಲಿದೆ. ಗುಣಗಳ ವಿಷಯದಲ್ಲೂ ಇದೇ ಎಚ್ಚರ. ಒಬ್ಬರಿಗೆ ಸಾಧನೆ, ಇನ್ನೊಬ್ಬರಿಗೆ 'ಸದಾ ನಗುಮುಖದವರು' ಎಂದು ಹೇಳಬಾರದು. ಹೆಂಗಸರ ಪರಿಚಯದಲ್ಲಿ ಇದು ಜಾಸ್ತಿ ನುಸುಳುತ್ತದೆ.

ಕೊನೆಗೆ ಗಟ್ಟಿಯಾಗಿ ಓದಿ ಗಡಿಯಾರ ನೋಡುತ್ತೇನೆ. ಒಬ್ಬೊಬ್ಬರಿಗೆ ಅರ್ಧ ನಿಮಿಷ ಸಾಕು. ಪದಗಳ ಎಣಿಕೆ ಒಂದೇ ಆಗಬೇಕಿಲ್ಲ, ಆದರೆ ಒಬ್ಬರ ಸಮಯ ಇನ್ನೊಬ್ಬರ ಎರಡರಷ್ಟಾದರೆ ಕತ್ತರಿಸುತ್ತೇನೆ. ಉದ್ದ ಇರುವುದನ್ನು ಇಳಿಸುತ್ತೇನೆ. ಚಿಕ್ಕದನ್ನು ಸುಮ್ನೆ ಹೊಗಳಿಕೆಯಿಂದ ಉಬ್ಬಿಸುವುದಿಲ್ಲ, ಅದು ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಕರಡನ್ನು ಒಂದೇ ಸಂದೇಶದಲ್ಲಿ ಇಬ್ಬರಿಗೂ ಕಳಿಸುತ್ತೇನೆ. 'ಡಾಕ್ಟರ್' ಎಂಬುದನ್ನು ನಾನಾಗಿ ಕಿತ್ತುಹಾಕುವುದಿಲ್ಲ. ಒಮ್ಮೆ ಹೇಳಿ, ಇನ್ನೊಬ್ಬರ ಹುದ್ದೆಯನ್ನೂ ಅದೇ ಜಾಗದಲ್ಲಿ ಹೇಳುತ್ತೇನೆ.

ನಿಜಕ್ಕೂ ಒಬ್ಬರು ಮಾರ್ಗದರ್ಶಿ, ಇನ್ನೊಬ್ಬರು ವಿದ್ಯಾರ್ಥಿ ಆಗಿದ್ದರೆ ಅದನ್ನು ಮುಚ್ಚಿಡುವುದಿಲ್ಲ. ಸಮ ಎಂದು ನಟಿಸಿದರೆ ವಿದ್ಯಾರ್ಥಿಗೇ ಮುಜುಗರ. ಯಾರು ಯಾವ ಭಾಗ ಮಾಡಿದರು ಎಂದು ನೇರವಾಗಿ ಹೇಳುತ್ತೇನೆ. ವಿದ್ಯಾರ್ಥಿ ತಾನೇ ಮಾಡಿದ ಪ್ರಯೋಗ ಅವರ ಹೆಸರಿನಲ್ಲೇ ಬರುತ್ತದೆ.

ಇನ್ನೊಂದು ಕೆಲಸ ಪರಿಚಯದ ಹೊರಗಿದೆ. ಪರದೆಯ ಮೊದಲ ಸ್ಲೈಡಿನಲ್ಲಿ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇದೆಯೇ, ವೇದಿಕೆಯಲ್ಲಿ ಇಬ್ಬರಿಗೂ ಮೈಕ್ ಇದೆಯೇ ಎಂದು ಮುಂಚೆಯೇ ನೋಡಿಕೊಳ್ಳುತ್ತೇನೆ. ಒಂದೇ ಮೈಕ್ ಇದ್ದರೆ ಅದು ಒಬ್ಬರ ಕೈಯಲ್ಲೇ ಉಳಿಯುತ್ತದೆ. ಆಗ ಪ್ರಶ್ನೋತ್ತರದ ಹೊತ್ತಿಗೆ ನಾನೇ ಪಕ್ಕದಲ್ಲಿ ನಿಂತು ಮೈಕ್ ದಾಟಿಸುತ್ತೇನೆ.